ನಾಲ್ಕು ನಿಮಿಷದಲ್ಲಿ ಚರಗ: ಕತ್ತರಿ ಎಲ್ಲಿ ಆಡಿಸಬೇಕು?

ಡಿಸೆಂಬರ್ ಬಂತೆಂದರೆ ನಮ್ಮ ವಿಜಯಪುರ ಜಿಲ್ಲೆಯ ಹುಡುಗರ ಮೊಬೈಲ್‌ಗಳಲ್ಲಿ ಎಳ್ಳ ಅಮಾವಾಸ್ಯೆಯ ವಿಡಿಯೊಗಳು ಓಡಾಡತೊಡಗುತ್ತವೆ. ಚಕ್ಕಡಿ, ಬುತ್ತಿ ಗಂಟು, ಹೊಲ, ಬನ್ನಿ ಗಿಡ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಆದರೆ ಹಿನ್ನೆಲೆಯ ಧ್ವನಿ ಕೇಳಿ ನೋಡಿ. 'ಅನ್ನದಾತನ ಸಂಭ್ರಮದ ಸುಗ್ಗಿ ಹಬ್ಬ', 'ಪೂರ್ವಜರ ವೈಜ್ಞಾನಿಕ ಚಿಂತನೆ', 'ನಶಿಸುತ್ತಿರುವ ಸಂಸ್ಕೃತಿ'. ಈ ಮಾತುಗಳನ್ನು ಯಾವ ಊರಿನ ಯಾವ ಹಬ್ಬಕ್ಕೆ ಅಂಟಿಸಿದರೂ ನಡೆಯುತ್ತದೆ. ನಾಲ್ಕು ನಿಮಿಷ ಮುಗಿದ ಮೇಲೆ ಚರಗ ಅಂದರೇನು, ಅದನ್ನು ಯಾರು ಚೆಲ್ಲುತ್ತಾರೆ, ಯಾಕೆ ಚೆಲ್ಲುತ್ತಾರೆ ಎಂಬುದು ನೋಡಿದವರಿಗೆ ಗೊತ್ತಾಗಿರುವುದೇ ಇಲ್ಲ.

ಇಂಥ ವಿಡಿಯೊಗಳ ಹಿಂದೆ ಬಹಳ ಸಲ ಒಂದು ಉದ್ದನೆಯ, ಒಳ್ಳೆಯ ಪ್ರಬಂಧವೇ ಇರುತ್ತದೆ. ಯಾರೋ ಹಿರಿಯರು ಬರೆದುಕೊಟ್ಟಿರುತ್ತಾರೆ. ಅದನ್ನು ಸಂಕ್ಷೇಪಿಸುವಾಗ ನಾವು ಹೊಗಳಿಕೆಯನ್ನು ಉಳಿಸಿಕೊಂಡು ವಿಷಯವನ್ನು ಕತ್ತರಿಸುತ್ತೇವೆ. ಗೌರವವೆಂದರೆ ಹೊಗಳಿಕೆ ಎಂದು ತಿಳಿದಿರುವುದೇ ಇದಕ್ಕೆ ಕಾರಣ. ನನ್ನ ವಾದ ಇದಕ್ಕೆ ನೇರ ಉಲ್ಟಾ. ಆಚರಣೆಯನ್ನು ಇದ್ದಂತೆ, ಮಾಡುವವರ ಕೈಯೊಂದಿಗೆ, ಅವರ ಮಾತಿನೊಂದಿಗೆ ಹೇಳುವುದೇ ಗೌರವ. ಕತ್ತರಿ ಮೊದಲು ಹೋಗಬೇಕಾದದ್ದು ಹೊಗಳಿಕೆಯ ಮೇಲೆ.

ನಮ್ಮ ಕಾಲೇಜಿನ ಸಾಂಸ್ಕೃತಿಕ ದಿನಕ್ಕೆ ಇಂಥದ್ದೊಂದು ವಿಡಿಯೊ ಆಗಬೇಕಿತ್ತು. ಬಬಲೇಶ್ವರ ಬಳಿಯ ಹಳ್ಳಿಯ ನಿವೃತ್ತ ಶಿಕ್ಷಕರೊಬ್ಬರು ಎಳ್ಳ ಅಮಾವಾಸ್ಯೆ ಕುರಿತು ಹನ್ನೆರಡು ಪುಟ ಕೈಬರಹದಲ್ಲಿ ಬರೆದುಕೊಟ್ಟರು. ಎಣಿಸಿದರೆ ಸುಮಾರು 1,900 ಪದ. ವಿಡಿಯೊ ನಾಲ್ಕು ನಿಮಿಷ ಮೀರುವಂತಿರಲಿಲ್ಲ. ನಿರೂಪಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಮಾಡಬೇಕಾದದ್ದು ಲೆಕ್ಕ. ಕನ್ನಡದ ಪದಗಳು ಉದ್ದ. ವಿಭಕ್ತಿ, ಕ್ರಿಯಾಪದ ಎಲ್ಲ ಸೇರಿ ಒಂದೇ ಪದವಾಗುತ್ತದೆ. ಹಾಗಾಗಿ ಇಂಗ್ಲಿಷ್ ನಿರೂಪಣೆಯ ಪದಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪ್ರಬಂಧದ ಒಂದು ಪುಟವನ್ನು ಕೇಳುವವರಿಗೆ ಅರ್ಥವಾಗುವಷ್ಟು ನಿಧಾನವಾಗಿ ಓದಿ, ಸ್ಟಾಪ್‌ವಾಚ್ ಹಿಡಿದು ನೋಡಿದೆ. ನಿಮಿಷಕ್ಕೆ 90 ಪದ ಬಂತು. ನಾಲ್ಕು ನಿಮಿಷಕ್ಕೆ 360. ಆದರೆ ನಾಲ್ಕೂ ನಿಮಿಷ ಮಾತೇ ತುಂಬಿದರೆ ಹೊಲದ ಸದ್ದು, ಕೂಗು, ನಗು ಯಾವುದೂ ಕೇಳಿಸುವುದಿಲ್ಲ. ಒಂದು ನಿಮಿಷ ಮೌನಕ್ಕೆ ಬಿಟ್ಟರೆ ಉಳಿಯುವುದು 270 ಪದ. ಅಂದರೆ ಏಳು ಮಾತಿನಲ್ಲಿ ಒಂದು ಮಾತು ಮಾತ್ರ ಉಳಿಯಬೇಕು.

ಇಲ್ಲಿಯೇ ಜಾರುವ ಜಾಗ ಇರುವುದು. ಏಳರಲ್ಲಿ ಒಂದು ಎಂದಾಕ್ಷಣ ಪ್ರತಿ ಪ್ಯಾರಾವನ್ನೂ ಏಳನೇ ಒಂದು ಪಾಲಿಗೆ ಇಳಿಸಬೇಕೆನಿಸುತ್ತದೆ. ಹಾಗೆ ಮಾಡಿದರೆ ಹನ್ನೆರಡು ಪುಟದ ಎಲ್ಲ ವಿಷಯಗಳೂ ಹೆಸರಿಗಷ್ಟೇ ಉಳಿದು, ಒಂದೂ ಕಣ್ಣಿಗೆ ಕಟ್ಟುವುದಿಲ್ಲ. ಅದರ ಬದಲು ಇಡೀ ಪ್ರಬಂಧದ ಪ್ರತಿ ವಾಕ್ಯವನ್ನು ಮೂರು ಗುಂಪು ಮಾಡಿದೆ. ಒಂದು, ಕಂಡದ್ದು: ಯಾರು ಏನು ಮಾಡುತ್ತಾರೆ. ಎರಡು, ನಂಬಿದ್ದು: ಮಾಡುವವರು ಅದಕ್ಕೆ ಏನು ಅರ್ಥ ಹೇಳುತ್ತಾರೆ. ಮೂರು, ಬರೆದವರ ಮೆಚ್ಚುಗೆ. ಮಾಸ್ತರ ಪ್ರಬಂಧದ ಹತ್ತಿರ ಹತ್ತಿರ ಅರ್ಧ ಭಾಗ ಮೂರನೇ ಗುಂಪಿಗೆ ಹೋಯಿತು. ಓದುವ ಪ್ರಬಂಧದಲ್ಲಿ ಅದಕ್ಕೆ ಜಾಗವಿದೆ. ಅದು ಅವರ ಪ್ರೀತಿ. ವಿಡಿಯೊದಲ್ಲಿ ಆ ಪ್ರೀತಿಯನ್ನು ಚಿತ್ರವೇ ತೋರಿಸುತ್ತದೆ, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೊದಲ ಗುಂಪಿನಿಂದ ಹೆಚ್ಚು, ಎರಡನೆಯದರಿಂದ ಸ್ವಲ್ಪ, ಮೂರನೆಯದರಿಂದ ಏನೂ ಇಲ್ಲ. ಇದೇ ಸೂತ್ರ.

ಇನ್ನು 'ಸುಗ್ಗಿ ಹಬ್ಬ' ಎಂಬ ಮಾತು. ಕಾರ್ಯಕ್ರಮದ ಪಟ್ಟಿಯಲ್ಲಿ ವಿಡಿಯೊದ ಹೆಸರೇ 'ನಮ್ಮ ಸುಗ್ಗಿ ಹಬ್ಬ' ಎಂದಿತ್ತು. ಮಾಸ್ತರನ್ನು ಕೇಳಿದೆ: "ಸರ್, ಎಳ್ಳ ಅಮಾಸಿಗಿ ಸುಗ್ಗಿ ಹಬ್ಬ ಅನಬೌದೇನ್ರಿ?" ಅವರು ನಕ್ಕು, "ಇಲ್ಲೋ ತಮ್ಮಾ. ಸುಗ್ಗಿ ಅಂದ್ರ ರಾಶಿ ಆಗಬೇಕು. ಇಲ್ಲಿ ಬೆಳಿ ಇನ್ನಾ ನಿಂತೈತಿ, ಬಸರಿ ಐತಿ. ಬಸರಿ ಹೆಣ್ಣಮಗಳಿಗಿ ಬುತ್ತಿ ಒಯ್ದಂಗ ಇದು" ಎಂದರು.

ಅವರ ಮಾತಿನ ಹಿಂದೆ ನಮ್ಮ ನೆಲದ ಇಡೀ ಬೇಸಾಯವಿದೆ. ಡೋಣಿ ಹೊಳೆಯ ಸುತ್ತಿನ ಕರಿ ಎರೆ ಭೂಮಿ ಹಿಂಗಾರಿ ಬಿಳಿಜೋಳಕ್ಕೆ ಹೆಸರಾದದ್ದು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತುತ್ತಾರೆ. ಮಾಲದಂಡಿಯಂಥ ತಳಿ ಕಟಾವಿಗೆ ಬರಲು ಸುಮಾರು ನಾಲ್ಕು ತಿಂಗಳು ಬೇಕು. ಎಳ್ಳ ಅಮಾವಾಸ್ಯೆ ಬರುವುದು ಮಾರ್ಗಶಿರ ಮಾಸದ ಕೊನೆಗೆ. ತಿಥಿಯ ಲೆಕ್ಕವಾದ್ದರಿಂದ ಅದು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತದೆ. 2024ರಲ್ಲಿ ಜನವರಿ 11ಕ್ಕೆ ಬಂದಿತ್ತು. ಅದೇ ವರ್ಷ ಡಿಸೆಂಬರ್ 30ಕ್ಕೆ ಮತ್ತೆ ಬಂತು. 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. ಅಕ್ಟೋಬರ್ 1ಕ್ಕೆ ಬಿತ್ತಿದ ಜೋಳಕ್ಕೆ ಜನವರಿ 11ಕ್ಕೆ 102 ದಿನ, ಡಿಸೆಂಬರ್ 19ಕ್ಕೆ ಬರೀ 79 ದಿನ. ಒಂದು ವರ್ಷ ಕಾಳು ಕಟ್ಟಿದ ತೆನೆ, ಇನ್ನೊಂದು ವರ್ಷ ಆಗತಾನೇ ಹೊರಬಂದು ಹೂವಾಡುವ ತೆನೆ. ಎರಡೂ ವರ್ಷ ಬೆಳೆ ಹೊಲದಲ್ಲೇ ಇರುತ್ತದೆ. ಕೊಯ್ಲು, ರಾಶಿ ಎಲ್ಲ ಆಮೇಲಿನ ಮಾತು.

ಹಾಗಾಗಿ 'ಸುಗ್ಗಿ' ಎಂಬ ಒಂದು ಪದ ಹಾಕಿದರೆ ಹಬ್ಬದ ಅರ್ಥವೇ ತಿರುಗಿಬಿಡುತ್ತದೆ. ಸುಗ್ಗಿಯಲ್ಲಿ ಬಂದದ್ದಕ್ಕೆ ಕೃತಜ್ಞತೆ ಇರುತ್ತದೆ. ಇಲ್ಲಿರುವುದು ಇನ್ನೂ ಬಾರದ ಬೆಳೆಯ ಮೇಲಿನ ಆಸೆ, ಜೊತೆಗೆ ಅಂಜಿಕೆ. ಕಾಳು ಗಟ್ಟಿಯಾಗುವವರೆಗೆ ತೇವ ಸಾಲದಿರಬಹುದು, ಅಕಾಲ ಮಳೆ ಬರಬಹುದು, ಹುಳ ಬೀಳಬಹುದು. ಆ ಅನಿಶ್ಚಿತತೆಯ ನಡುವೆ ಭೂಮಿಗೆ ಊಟ ಬಡಿಸುವ ದಿನವಿದು. ಮುಂಗಾರಿ ಬೆಳೆ ನಿಂತಿರುವಾಗ ಶೀಗಿ ಹುಣ್ಣಿಮೆಗೆ ಚರಗ ಚೆಲ್ಲುವುದೂ ಇದೇ ಭಾವದಿಂದ. ನಮ್ಮ ಕಡೆ ಹಿಂಗಾರಿಯೇ ದೊಡ್ಡ ಬೆಳೆಯಾದ್ದರಿಂದ ಎಳ್ಳ ಅಮಾವಾಸ್ಯೆಗೆ ಹೆಚ್ಚು ತೂಕ. ವಿಡಿಯೊದ ಹೆಸರನ್ನು 'ಬೆಳೆದು ನಿಂತ ಹೊಲಕ್ಕೆ ಬುತ್ತಿ' ಎಂದು ಬದಲಿಸಿದೆವು. ಸಂಕ್ಷೇಪದಲ್ಲಿ ಪದ ಕಡಿಮೆಯಾದಷ್ಟೂ ಒಂದೊಂದು ಪದದ ಜವಾಬ್ದಾರಿ ಹೆಚ್ಚುತ್ತದೆ ಎಂಬುದಕ್ಕೆ ಇದು ಒಂದು ಉದಾಹರಣೆ.

ಈಗ ಹಬ್ಬದ ನಡುಮಧ್ಯದ ಭಾಗಕ್ಕೆ ಬರೋಣ. ಪ್ರಬಂಧದಲ್ಲಿ ಚರಗದ ಪ್ಯಾರಾ ಹೀಗಿತ್ತು:

"ಪೂಜೆಯ ನಂತರ, ಅನ್ನದಾತನಾದ ನಮ್ಮ ರೈತನು ಭೂತಾಯಿಯ ಮೇಲಿನ ಅಪಾರ ಭಕ್ತಿಯಿಂದ ತಾನು ತಂದ ಎಲ್ಲ ಬಗೆಯ ಭಕ್ಷ್ಯಗಳನ್ನು ಒಂದು ಬುಟ್ಟಿಯಲ್ಲಿ ಬೆರೆಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾನೆ. ಇದಕ್ಕೆ ಚರಗ ಎನ್ನುವರು. ಮುಂದೆ ಒಬ್ಬನು ಚರಗ ಚೆಲ್ಲುತ್ತ ಕೂಗುತ್ತ ಹೋದರೆ, ಹಿಂದೆ ಇನ್ನೊಬ್ಬನು ತಂಬಿಗೆಯಿಂದ ನೀರು ಹಾಕುತ್ತ ನಡೆಯುವನು. ಹಕ್ಕಿಗಳು ಹೊಲಕ್ಕೆ ಬಂದು ಕೀಟಗಳನ್ನು ತಿನ್ನುವುದರಿಂದ ಇದರಲ್ಲಿ ವೈಜ್ಞಾನಿಕ ಅಂಶವೂ ಅಡಗಿದೆ. ನಮ್ಮ ಪೂರ್ವಜರ ಜ್ಞಾನ ಎಷ್ಟು ಅಗಾಧವಾದುದು!"

ಐವತ್ತು ಪದ. ಇದನ್ನು ಸಾಮಾನ್ಯವಾಗಿ ಹೇಗೆ ಸಂಕ್ಷೇಪಿಸುತ್ತಾರೆ? 'ರೈತ ಭಕ್ತಿಯಿಂದ ಹೊಲಕ್ಕೆ ಆಹಾರ ಚೆಲ್ಲಿ ಭೂತಾಯಿಯನ್ನು ಪೂಜಿಸುತ್ತಾನೆ. ಇದರ ಹಿಂದೆ ವಿಜ್ಞಾನವಿದೆ.' ಹತ್ತು ಪದದಲ್ಲಿ ಮುಗಿಯಿತು. ಆದರೆ ಬುಟ್ಟಿ ಹೋಯಿತು, ತಂಬಿಗೆ ಹೋಯಿತು, ಮುಂದೆ ನಡೆಯುವವರು, ಹಿಂದೆ ಬರುವವರು ಹೋದರು, ಕೂಗು ಹೋಯಿತು. 'ಚರಗ' ಎಂಬ ಪದವೇ 'ಆಹಾರ'ವಾಗಿ ಮಾಯವಾಯಿತು. ಉಳಿದದ್ದು ಭಕ್ತಿ, ವಿಜ್ಞಾನ ಎಂಬ ಎರಡು ದೊಡ್ಡ ಮಾತು.

ನಾನು ಬರೆದದ್ದು ಹೀಗೆ:

"ಮನೆಯಲ್ಲಿ ಮಾಡಿದ ಪ್ರತಿ ಅಡುಗೆಯಿಂದ ಒಂದಿಷ್ಟು ತೆಗೆದು ಬುಟ್ಟಿಯಲ್ಲಿ ಕಲೆಸುತ್ತಾರೆ. ಇದು ಚರಗ. ಒಬ್ಬರು ಚರಗ ಚೆಲ್ಲುತ್ತ ಮುಂದೆ ನಡೆಯುತ್ತಾರೆ. ಇನ್ನೊಬ್ಬರು ತಂಬಿಗೆಯಿಂದ ನೀರು ಹಾಕುತ್ತ ಹಿಂದೆ ಬರುತ್ತಾರೆ." ಇಲ್ಲಿ ಮಾತು ನಿಲ್ಲುತ್ತದೆ. ಅರ್ಧ ನಿಮಿಷ ಹೊಲದಲ್ಲಿ ಕೂಗಿದ ಕೂಗು ಮಾತ್ರ ಕೇಳುತ್ತದೆ. ಆಮೇಲೆ: "ಮೊದಲ ಊಟ ಭೂಮಿತಾಯಿಯದು, ಎನ್ನುತ್ತಾರೆ ಊರಿನ ಹಿರಿಯರು. ಅವಳು ಉಂಡ ಮೇಲೆ ಮನೆಯವರು ಉಣ್ಣುತ್ತಾರೆ."

ಮೂವತ್ತೆರಡು ಪದ. ಐವತ್ತು ಇದ್ದದ್ದು ಮೂವತ್ತೆರಡಾಯಿತು, ಏಳನೇ ಒಂದು ಪಾಲಲ್ಲ. ಬೇರೆ ಕಡೆ ಮೂರು ಪುಟ ಪೂರ್ತಿ ಬಿಟ್ಟದ್ದರಿಂದ ಇಲ್ಲಿ ಇಷ್ಟು ಉಳಿಸಿಕೊಳ್ಳಲು ಸಾಧ್ಯವಾಯಿತು. 'ನಾಲ್ಕೂ ದಿಕ್ಕು' ಎಂಬುದನ್ನು ಹೇಳಲಿಲ್ಲ, ಹೊಲ ಸುತ್ತುವುದು ಕಣ್ಣಿಗೇ ಕಾಣುತ್ತದೆ. ಕೊನೆಯ ಎರಡು ವಾಕ್ಯ ಪ್ರಬಂಧದ ಒಂಬತ್ತನೇ ಪುಟದಿಂದ ಬಂದವು. ಅಲ್ಲಿ ಮಾಸ್ತರು ತಮ್ಮ ತಾಯಿ ಹೇಳುತ್ತಿದ್ದ ಮಾತನ್ನು ಬರೆದಿದ್ದರು.

ಆ ಕೂಗನ್ನು ನಿರೂಪಕರ ಬಾಯಲ್ಲಿ ಹೇಳಿಸದೆ ಇದ್ದದ್ದಕ್ಕೆ ಕಾರಣವಿದೆ. ಚರಗದ ಕೂಗು ಊರಿಂದ ಊರಿಗೆ, ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ. ಕಲಬುರಗಿ, ಬೀದರ್ ಕಡೆಯದು ಬೇರೆ, ನಮ್ಮದು ಬೇರೆ. ಗಡಿಯಾಚೆ ಲಾತೂರು, ಧಾರಾಶಿವ ಕಡೆ ಇದೇ ಅಮಾವಾಸ್ಯೆಯನ್ನು ಮರಾಠಿಯಲ್ಲಿ ವೇಳ ಅಮಾವಾಸ್ಯೆ, ಯೇಳವಸ ಎನ್ನುತ್ತಾರೆ. ಅಲ್ಲಿ ಜೋಳದ ಕಣಿಕೆಯಿಂದ ಹೊಲದಲ್ಲಿ ಪುಟ್ಟ ಗುಡಿಸಲಿನಂತೆ ಕಟ್ಟಿ ಪೂಜಿಸುತ್ತಾರೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಚಂದದ ತುಣುಕನ್ನು ತಂದು ಹಾಕಿದರೆ ಬಬಲೇಶ್ವರದ ಹೊಲದಲ್ಲಿ ಲಾತೂರಿನ ಗುಡಿಸಲು ಎದ್ದು ನಿಲ್ಲುತ್ತದೆ. ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆದರೆ ಆಚರಿಸುವವರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ, ಮತ್ತು ಉಳಿದ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಹಕ್ಕಿ, ಕೀಟದ ವಾದವನ್ನು ಬಿಟ್ಟದ್ದಕ್ಕೆ ನನ್ನ ಗೆಳೆಯರಲ್ಲೇ ಆಕ್ಷೇಪ ಬಂತು. "ಇಂಜಿನಿಯರಿಂಗ್ ಓದುವವನೇ ವಿಜ್ಞಾನ ಬಿಟ್ಟರೆ ಹೇಗೋ?" ಎಂದರು. ಹಕ್ಕಿಗಳು ಬರಬಹುದು, ಹುಳವನ್ನೂ ತಿನ್ನಬಹುದು. ಆದರೆ ವರ್ಷಕ್ಕೆ ಒಂದು ದಿನ ಒಂದು ಬುಟ್ಟಿ ಚರಗ ಚೆಲ್ಲುವುದರಿಂದ ಹೊಲದ ಹುಳ ಕಡಿಮೆಯಾಗುತ್ತದೆ ಎಂದು ಅಳೆದವರ ಲೆಕ್ಕ ನಮ್ಮ ಕೈಯಲ್ಲಿರಲಿಲ್ಲ. ಅಳೆಯದೆ 'ವೈಜ್ಞಾನಿಕ' ಎನ್ನುವುದು ವಿಜ್ಞಾನಕ್ಕೂ ಅಗೌರವ, ಹಬ್ಬಕ್ಕೂ ಅಗೌರವ. ಚರಗ ಚೆಲ್ಲುವ ಅಜ್ಜ ಕೀಟನಾಶಕವೆಂದು ಅದನ್ನು ಚೆಲ್ಲುವುದಿಲ್ಲ. ಅವರು ಹೇಳುವ ಕಾರಣವನ್ನು ಅವರದೆಂದೇ ಹೇಳಿದರೆ ಸಾಕು. ಅದಕ್ಕೇ 'ಎನ್ನುತ್ತಾರೆ' ಎಂಬ ಪದ. ಅದು ಮೂಢನಂಬಿಕೆ ಎಂದು ತಳ್ಳುವುದೂ ಇಲ್ಲ, ವಿಜ್ಞಾನವೆಂದು ಮೆರೆಸುವುದೂ ಇಲ್ಲ.

ಅದೇ ರೀತಿ ಬನ್ನಿ ಗಿಡದ ಕೆಳಗೆ ಸುಣ್ಣ ಹಚ್ಚಿ ಇಡುವ ಐದು ಕಲ್ಲು. ಪಂಚ ಪಾಂಡವರು ಎಂದು ಬಹಳ ಮಂದಿ ಹೇಳುತ್ತಾರೆ. ನಾವು ಚಿತ್ರೀಕರಿಸಿದ ಹೊಲದ ಅಮ್ಮ, "ನಮ್ಮ ಮನ್ಯಾಗ ಲಕ್ಷ್ಮಿ ಅಂತೀವ್ರಿ" ಎಂದರು. 'ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸುತ್ತಾರೆ' ಎಂದು ಬರೆದರೆ ಅವರದೇ ಹೊಲದಲ್ಲಿ ಅವರ ಮಾತು ಸುಳ್ಳಾಗುತ್ತದೆ. 'ಕೆಲವರಿಗೆ ಇವರು ಪಾಂಡವರು, ಈ ಮನೆಯವರಿಗೆ ಲಕ್ಷ್ಮಿ' ಎಂದರೆ ಹೆಚ್ಚಿಗೆ ಖರ್ಚಾಗುವುದು ಎರಡೋ ಮೂರೋ ಪದ.

ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲಿ ಕುಳಿತಿರುತ್ತದೆ. 'ರೈತ ಚೆಲ್ಲುತ್ತಾನೆ' ಎಂದು ಪಠ್ಯಪುಸ್ತಕದಲ್ಲಿ ಓದಿದಾಗ ಏನೂ ಅನಿಸುವುದಿಲ್ಲ. ಆದರೆ ಪರದೆಯ ಮೇಲೆ ಎಪ್ಪತ್ತು ವರ್ಷದ ಒಬ್ಬ ಹಿರಿಯರು ಕಾಣುತ್ತಿರುವಾಗ ಹಿನ್ನೆಲೆಯಲ್ಲಿ ಇಪ್ಪತ್ತರ ಹುಡುಗನ ಧ್ವನಿ 'ಚೆಲ್ಲುತ್ತಾನೆ' ಎಂದರೆ ಕಿವಿಗೆ ಚುಚ್ಚುತ್ತದೆ. ಎಲ್ಲ ಕಡೆ ಬಹುವಚನ ಮಾಡಿದೆ. ಕಾಲವೂ ಅಷ್ಟೇ ಮುಖ್ಯ. 'ಮಾಡುತ್ತಿದ್ದರು' ಎಂದರೆ ಇವತ್ತಿನ ಹಬ್ಬ ನಿನ್ನೆಯದಾಗುತ್ತದೆ. 'ಇಂದಿಗೂ ಈ ಜನ ಮಾಡುತ್ತಾರೆ' ಎಂದರೆ ನಮ್ಮವರೇ ನಮಗೆ ವಿಚಿತ್ರ ಪ್ರಾಣಿಗಳಂತೆ ಕಾಣುತ್ತಾರೆ. 'ಮಾಡುತ್ತಾರೆ' ಎಂದಷ್ಟೇ ಹೇಳಿದರೆ ಮೂರು ಪದ ಉಳಿತಾಯ, ಜೊತೆಗೆ ಸತ್ಯವೂ ಹೌದು.

ಇನ್ನು ಯಾರು ಬಿಟ್ಟುಹೋಗುತ್ತಾರೆ ಎಂಬ ಪ್ರಶ್ನೆ. ಸಂಕ್ಷೇಪದಲ್ಲಿ ಮೊದಲು ಕಣ್ಮರೆಯಾಗುವವರು ಅಡುಗೆ ಮಾಡುವ ಹೆಣ್ಣುಮಕ್ಕಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ನಾಲ್ಕಾರು ದಿನ ಮೊದಲೇ ಬಡಿದು ಒಣಗಿಸಿರುತ್ತಾರೆ. ಹಿಂದಿನ ರಾತ್ರಿಯಿಂದ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಲೆ, ಬಾನ. ಪ್ರಬಂಧದಲ್ಲಿ ಇದಕ್ಕೆ ಎರಡು ಪುಟವಿತ್ತು. ನಿರೂಪಣೆಗಳಲ್ಲಿ ಅದು 'ಬಗೆಬಗೆಯ ಭಕ್ಷ್ಯಗಳೊಂದಿಗೆ ರೈತ ಹೊಲಕ್ಕೆ ಹೊರಡುತ್ತಾನೆ' ಎಂದಾಗುತ್ತದೆ. ಭಕ್ಷ್ಯಗಳು ತಾವಾಗಿಯೇ ಆದಂತೆ! ನಾಲ್ಕು ನಿಮಿಷದಲ್ಲಿ ನಲವತ್ತು ಸೆಕೆಂಡನ್ನು ಒಲೆಯ ಮುಂದೆಯೇ ಕಳೆದೆವು. ತಿನಿಸುಗಳ ಪಟ್ಟಿ ಓದಲಿಲ್ಲ. ರೊಟ್ಟಿ ಬಡಿಯುವ ಸದ್ದಿನ ಮೇಲೆ ಮೂರೇ ವಾಕ್ಯ: ಯಾರು, ಎಂದಿನಿಂದ, ಎಷ್ಟು ಜನರಿಗೆ.

ಎರಡನೆಯದಾಗಿ ಕಣ್ಮರೆಯಾಗುವವರು ಹೊಲವಿಲ್ಲದವರು. ಪ್ರಬಂಧದ ಹತ್ತನೇ ಪುಟದಲ್ಲಿ ಒಂದು ವಾಕ್ಯವಿತ್ತು: ಆ ದಿನ ಹೊಲವಿಲ್ಲದವರನ್ನು, ಕೂಲಿಗೆ ಬರುವವರನ್ನು, ಪಕ್ಕದ ಹೊಲದವರನ್ನು ಕರೆದು ಕೂಡಿಸಿ ಉಣಿಸುತ್ತಾರೆ. ತಂಡದವರು ಇದನ್ನು ಸಣ್ಣ ವಿವರವೆಂದು ಬಿಡಲು ಹೊರಟಿದ್ದರು. ನನಗೆ ಇದೇ ಹಬ್ಬದ ಬೆನ್ನೆಲುಬು ಅನಿಸಿತು. ಬಿತ್ತಿದವರು, ಕಳೆ ತೆಗೆದವರು, ಮುಂದೆ ಕೊಯ್ಯುವವರು ಬಹಳ ಸಲ ಹೊಲದ ಒಡೆಯರಲ್ಲ. ಅವರು ಸಾಲಿನಲ್ಲಿ ಕೂತು ಉಣ್ಣುವ ದೃಶ್ಯವಿಲ್ಲದೆ 'ರೈತನ ಹಬ್ಬ' ಎಂದರೆ ಪಹಣಿಯಲ್ಲಿ ಹೆಸರಿದ್ದವರ ಹಬ್ಬ ಎಂದಷ್ಟೇ ಅರ್ಥವಾಗುತ್ತದೆ. ಆ ವಾಕ್ಯವನ್ನು ಒಂದಕ್ಷರವೂ ಬಿಡದೆ ಇಟ್ಟುಕೊಂಡೆ.

ಮೂರನೆಯದು, ಬದಲಾದ ಹೊಲ. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಬಂದ ಮೇಲೆ ತಿಕೋಟಾ, ಬಬಲೇಶ್ವರ ಸುತ್ತ ದ್ರಾಕ್ಷಿ, ಕಬ್ಬು ಹೆಚ್ಚಿವೆ. ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ, ಬೈಕಿನಲ್ಲಿ ಹೋಗುತ್ತಾರೆ, ದ್ರಾಕ್ಷಿ ಸಾಲಿನ ನಡುವೆ ಚರಗ ಚೆಲ್ಲುತ್ತಾರೆ. ಚಿತ್ರಕ್ಕೆ ಚಂದವೆಂದು ಬಾಡಿಗೆ ಚಕ್ಕಡಿ ತಂದು ಶೃಂಗರಿಸಿ ತೋರಿಸಿದರೆ ಅದು ನಾಟಕವಾಗುತ್ತದೆ. ನಮ್ಮ ವಿಡಿಯೊದಲ್ಲಿ ಬುತ್ತಿ ಗಂಟು ಹೋದದ್ದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ನಿರೂಪಣೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ವಿಷಾದಿಸಲೂ ಇಲ್ಲ.

ಬರೆದದ್ದನ್ನು ಧ್ವನಿಮುದ್ರಿಸುವ ಮೊದಲು ಕೊನೆಯದೊಂದು ಹೆಜ್ಜೆ ಇದೆ. ಅದನ್ನು ಯಾರ ಹೊಲದಲ್ಲಿ ಚಿತ್ರೀಕರಿಸಿದೆವೋ ಅವರಿಗೆ, ಯಾರ ಪ್ರಬಂಧವೋ ಅವರಿಗೆ ಗಟ್ಟಿಯಾಗಿ ಓದಿ ಹೇಳುವುದು. ಕಾಗದ ಕೊಟ್ಟರೆ ಹಿರಿಯರು 'ಚಲೋ ಅದ' ಎಂದು ತಿರುಗಿ ಕೊಡುತ್ತಾರೆ. ಕಿವಿಗೆ ಬಿದ್ದರೆ ಮಾತ್ರ 'ಹಂಗಲ್ಲ' ಎನ್ನುತ್ತಾರೆ. ಓದಿದಾಗ ಅಮ್ಮ ಒಂದು ಕಡೆ ತಡೆದರು. 'ಚರಗ ಎಸೆಯುತ್ತಾರೆ' ಎಂದು ತಂಡದ ಒಬ್ಬರು ಇನ್ನೊಂದು ದೃಶ್ಯಕ್ಕೆ ಸೇರಿಸಿದ್ದರು. "ಎಸಿಯೂದು ಕಲ್ಲ್ರಿ. ಚರಗಾ ಚೆಲ್ಲತೀವಿ" ಎಂದರು. ನಿಘಂಟಿನಲ್ಲಿ ಈ ಎರಡರ ನಡುವಿನ ಅಂತರ ಸಣ್ಣದು. ಹೊಲದಲ್ಲಿ ದೊಡ್ಡದು.

ಕೊನೆಗೆ ನಿರೂಪಣೆ 264 ಪದಕ್ಕೆ ನಿಂತಿತು. ಉಳಿದ ಹದಿನಾರು ನೂರಕ್ಕೂ ಹೆಚ್ಚು ಪದಗಳು ಕಸವಲ್ಲ. ಮಾಸ್ತರ ಪ್ರಬಂಧವನ್ನು ಪೂರ್ತಿ ಟೈಪ್ ಮಾಡಿ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇವೆ, ವಿಡಿಯೊದ ಕೊನೆಗೆ ಅದು ಎಲ್ಲಿ ಓದಲು ಸಿಗುತ್ತದೆ ಎಂದು ಹಾಕಿದ್ದೇವೆ. ಸಂಕ್ಷೇಪ ಮೂಲದ ಬದಲಿಗೆ ಬರುವುದಲ್ಲ, ಮೂಲದ ಕಡೆಗೆ ದಾರಿ ತೋರಿಸುವುದು. ನಿಮ್ಮ ಕಾಲೇಜಿನಲ್ಲೂ ಈ ಸಲ ಯಾರಾದರೂ ಇಂಥ ಪ್ರಬಂಧವನ್ನು ನಿಮ್ಮ ಕೈಗಿಟ್ಟು 'ಸ್ವಲ್ಪ ಚಿಕ್ಕದು ಮಾಡಿಕೊಡು' ಎಂದರೆ, ಕತ್ತರಿಯನ್ನು ಮೊದಲು 'ಅಪಾರ', 'ಅಗಾಧ', 'ಸಂಭ್ರಮ'ದ ಮೇಲೆ ಆಡಿಸಿ. ಬುಟ್ಟಿ, ತಂಬಿಗೆ, ಅದನ್ನು ಹಿಡಿದ ಕೈಗಳಿಗೆ ಆಗ ತಾನೇ ಜಾಗವಾಗುತ್ತದೆ.